ತಮ್ಮನ ಮೊದಲ ಕೆಲಸ: ಅವನು ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಅಕ್ಕನ ಕಾಗದ

ಪುಟ್ಟ,

ಜೂನ್ 10ಕ್ಕೆ ನೀನು ಪೀಣ್ಯದಲ್ಲಿ ಕೆಲಸಕ್ಕೆ ಸೇರಿದೆ. ಅವತ್ತಿನಿಂದ ಇವತ್ತಿನವರೆಗೆ ಫೋನಿನಲ್ಲಿ ಕೇಳಿದ್ದು, ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಕಳಿಸಿದ್ದು, ಅಮ್ಮನ ಹತ್ತಿರ ಹೇಳಿ ನನ್ನ ಕಿವಿಗೆ ಬಿದ್ದಿದ್ದು, ಎಲ್ಲವನ್ನೂ ಒಂದು ಕಡೆ ಸೇರಿಸಿ ಬರೆದಿದ್ದೇನೆ. ಪ್ರಶ್ನೆಗಳು ನಿನ್ನ ಮಾತಿನಲ್ಲೇ ಇವೆ. ನಮ್ಮ ದುದ್ದ ಕಡೆಯಿಂದ ಈ ವರ್ಷ ಬೆಂಗಳೂರಿಗೆ ಹೋದ ಇನ್ನೂ ಮೂರು ನಾಲ್ಕು ಹುಡುಗರು ನನ್ನ ಹತ್ತಿರ ಇದನ್ನೇ ಕೇಳಿದರು. ಅದಕ್ಕೇ ನೀನು ಒಪ್ಪಿದ ಮೇಲೆ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ.

ನಾನು ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒಂಬತ್ತು ವರ್ಷದಿಂದ ಸಂಬಳದ ಲೆಕ್ಕ ನೋಡುತ್ತಿದ್ದೇನೆ. ಅದಕ್ಕೂ ಮೊದಲು ಎರಡು ವರ್ಷ ಬೆಂಗಳೂರಿನಲ್ಲಿದ್ದೆ. ಹಾಗಾಗಿ ದುಡ್ಡಿನ ವಿಷಯ ಸ್ವಲ್ಪ ಜಾಸ್ತಿ ಬರೆದಿದ್ದೇನೆ. ಹೊಸದಾಗಿ ಕೆಲಸಕ್ಕೆ ಹೋದವರಿಗೆ ರಾತ್ರಿ ನಿದ್ದೆ ಕೆಡುವುದು ಹೆಚ್ಚಾಗಿ ಅಲ್ಲೇ, ಅದು ನನಗೆ ಗೊತ್ತು.

## ಹೋದ ಹೊಸದರಲ್ಲಿ

ಅಕ್ಕ, ಮೊದಲನೇ ಸಂಬಳ ಬರೋವರೆಗೆ ಕೈಯಲ್ಲಿ ಎಷ್ಟು ದುಡ್ಡಿರಬೇಕು?

ನಿನ್ನ ಲೆಕ್ಕವನ್ನೇ ಹೇಳುತ್ತೇನೆ. ಪಿಜಿಯಲ್ಲಿ ತಿಂಗಳಿಗೆ 8,500, ಅಡ್ವಾನ್ಸ್ ಇನ್ನೊಂದು 8,500. ಅಲ್ಲಿಗೇ 17,000 ಹೋಯಿತು. ಬಕೆಟ್ಟು, ಬೆಡ್‌ಶೀಟು, ಬೀಗ, ಒಂದು ಜೊತೆ ಶೂ ಅಂತ 1,500. ಇಪ್ಪತ್ತು ದಿನದ ಬಸ್ಸು ಮತ್ತೆ ಮಧ್ಯಾಹ್ನದ ಊಟಕ್ಕೆ 4,000. ಒಟ್ಟು 22,500. ಜ್ವರ ಬಂದರೆ, ಫೋನು ಬಿದ್ದು ಒಡೆದರೆ ಅಂತ 2,500 ಬೇರೆ ಇಟ್ಟೆವು. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ 25,000 ಸಾಲ ತೆಗೆದಿದ್ದು ಈ ಲೆಕ್ಕಕ್ಕೇ.

ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಎಷ್ಟೋ ಕಂಪನಿಗಳಲ್ಲಿ ಹಾಜರಿಯ ಲೆಕ್ಕವನ್ನು 20ನೇ ತಾರೀಖಿಗೋ 25ನೇ ತಾರೀಖಿಗೋ ಮುಚ್ಚುತ್ತಾರೆ. ಅದಾದ ಮೇಲೆ ಸೇರಿದವರ ಸಂಬಳ ಮುಂದಿನ ತಿಂಗಳ ಕೊನೆಗೇ ಬರುವುದು. ನೀನು 10ಕ್ಕೆ ಸೇರಿದ್ದರಿಂದ ಇಪ್ಪತ್ತು ದಿನಕ್ಕೆ ಸಂಬಳ ಕಂಡೆ. ಜೂನ್ 26ಕ್ಕೆ ಸೇರಿದ್ದರೆ ಜುಲೈ ಕೊನೆಯವರೆಗೆ ಕಾಯಬೇಕಿತ್ತು, ಆಗ ಜುಲೈ ತಿಂಗಳ ಪಿಜಿ ಬಾಡಿಗೆಯೂ ಊರಿನ ದುಡ್ಡಲ್ಲೇ ಹೋಗುತ್ತಿತ್ತು. ಆದ್ದರಿಂದ ಸೇರುವ ತಾರೀಖು ಗೊತ್ತಾದ ಕೂಡಲೇ ಎಚ್‌ಆರ್‌ಗೆ ಒಂದೇ ಒಂದು ಮಾತು ಕೇಳಬೇಕು: ಮೊದಲ ಸಂಬಳ ಯಾವ ತಾರೀಖಿಗೆ ಬರುತ್ತದೆ? ಇದನ್ನು ಕೇಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಕೊಡಿ ಅಂತಿದ್ದಾರೆ, ಕೊಡಲಾ?

ತೋರಿಸು, ಕೊಡಬೇಡ. ಅವರು ಒರಿಜಿನಲ್ ನೋಡಿ, ಜೆರಾಕ್ಸ್ ಮೇಲೆ ಸಹಿ ಹಾಕಿಸಿಕೊಂಡು, ಒರಿಜಿನಲ್ ವಾಪಸ್ ಕೊಡಬೇಕು. ಎರಡು ವರ್ಷ ಇಟ್ಟುಕೊಳ್ಳುತ್ತೇವೆ ಅಂದರೆ ಅದು ನಿನ್ನನ್ನು ಕಟ್ಟಿಹಾಕುವುದಕ್ಕೆ. ನಾನು ಮೊದಲು ಸೇರಿದ ಕಡೆ ಹೀಗೇ ನನ್ನ ಪಿಯುಸಿ, ಡಿಗ್ರಿ ಎರಡೂ ಕಾರ್ಡು ಇಟ್ಟುಕೊಂಡಿದ್ದರು. ಬಿಡುವಾಗ ವಾಪಸ್ ತಗೊಳ್ಳಲು ಏಳು ವಾರ ಅಲೆದೆ. ನಿನ್ನ ಕಂಪನಿಯವರು ಎದುರಿಗೇ ನೋಡಿ ವಾಪಸ್ ಕೊಟ್ಟರು ಅಂದಾಗ ನನಗೆ ಅರ್ಧ ಭಾರ ಇಳಿಯಿತು.

ಪಿಜಿ ಅಡ್ವಾನ್ಸ್ ವಾಪಸ್ ಬರುತ್ತಾ?

ಬರುತ್ತದೆ, ಆದರೆ ಪೂರ್ತಿ ಬರುವುದು ಅಪರೂಪ. ಮೇಂಟೆನೆನ್ಸ್ ಅಂತ ಒಂದಿಷ್ಟು ಹಿಡಿದುಕೊಳ್ಳುತ್ತಾರೆ. ಎಷ್ಟು ಹಿಡಿಯುತ್ತಾರೆ, ಬಿಡುವ ಎಷ್ಟು ದಿನ ಮೊದಲು ಹೇಳಬೇಕು, ಈ ಎರಡನ್ನು ದುಡ್ಡು ಕೊಡುವ ದಿನವೇ ವಾಟ್ಸಾಪಿನಲ್ಲಿ ಬರೆಸಿಕೊಂಡೆಯಲ್ಲ, ಅದನ್ನು ಅಳಿಸಬೇಡ. ದುಡ್ಡನ್ನು ಕೈಗೆ ಕೊಡದೆ ಫೋನಿನಿಂದ ಹಾಕಿದ್ದೂ ಒಳ್ಳೆಯದಾಯಿತು. ಗೋಡೆಯಲ್ಲಿ ಮೊದಲೇ ಇದ್ದ ಕಲೆ, ಮುರಿದ ಕಪಾಟಿನ ಬಾಗಿಲು, ಇವುಗಳ ಫೋಟೋ ತೆಗೆದಿಟ್ಟುಕೋ.

ಭಾನುವಾರ ಸಂಜೆ ಆದ್ರೆ ಸಾಕು, ಊರಿಗೆ ಓಡಿ ಬರೋಣ ಅನ್ಸುತ್ತೆ. ನಂಗೆ ಮಾತ್ರ ಹೀಗಾ?

ಇಲ್ಲ ಕಣೋ. ನನಗೂ ಹಾಗೇ ಆಗುತ್ತಿತ್ತು. ಭಾನುವಾರ ನಾಲ್ಕು ಗಂಟೆ ಆಯಿತು ಅಂದರೆ ಹೊಟ್ಟೆಯಲ್ಲಿ ಏನೋ ಒಂಥರಾ. ವಾರವಿಡೀ ಕೆಲಸ ಇರುತ್ತದೆ, ಸುತ್ತ ಜನ ಇರುತ್ತಾರೆ, ಗೊತ್ತಾಗಲ್ಲ. ಪಿಜಿಯಲ್ಲಿ ಭಾನುವಾರ ರಾತ್ರಿ ಅಡುಗೆಯೂ ಇರಲ್ಲ. ಊಟ ಇಲ್ಲದ ಹೊತ್ತಿಗೇ ಮನೆ ನೆನಪು ಜಾಸ್ತಿ. ನನಗೆ ಇದು ಹೊಳೆದಿದ್ದು ಐದಾರು ವಾರ ಆದಮೇಲೆ. ಆಮೇಲೆ ಭಾನುವಾರ ರಾತ್ರಿಯ ಊಟ ಏನು, ಎಲ್ಲಿ ಅಂತ ಶನಿವಾರವೇ ಗಟ್ಟಿಮಾಡಿಕೊಳ್ಳುತ್ತಿದ್ದೆ. ಅಮ್ಮ ಕಳಿಸಿದ ಹುಚ್ಚೆಳ್ಳು ಚಟ್ನಿಪುಡಿ ಡಬ್ಬಿಯನ್ನು ವಾರವೆಲ್ಲ ತೆಗೆಯುತ್ತಿರಲಿಲ್ಲ, ಭಾನುವಾರಕ್ಕೇ ಇಟ್ಟಿರುತ್ತಿದ್ದೆ. ಬಿಸಿ ಅನ್ನ ಪಾರ್ಸೆಲ್ ತಂದು, ಅದರ ಮೇಲೆ ಪುಡಿ ಉದುರಿಸಿ ಒಂದು ಚಮಚ ತುಪ್ಪ. ತಿನ್ನುತ್ತಾ ಅಮ್ಮನ ಜೊತೆ ಫೋನಿನಲ್ಲಿ ಮಾತು.

ಇನ್ನು ಬರುವುದು. ಹಾಸನಕ್ಕೂ ಬೆಂಗಳೂರಿಗೂ ಹೆಚ್ಚುಕಡಿಮೆ 185 ಕಿಲೋಮೀಟರು, ಏನೂ ದೂರವಲ್ಲ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ರೈಲು ದಾರಿ ಆದಮೇಲೆ ಯಶವಂತಪುರದಲ್ಲಿ ಹತ್ತಿದರೆ ಹಾಸನದಲ್ಲೇ ಇಳಿಯಬಹುದು. ಹತ್ತಿರ ಇರುವುದೇ ಕಷ್ಟ ನೋಡು. ಪ್ರತಿ ಶನಿವಾರ ಬಂದರೆ ಅಲ್ಲಿ ಯಾರ ಪರಿಚಯವೂ ಆಗಲ್ಲ, ಸೋಮವಾರ ಬೆಳಿಗ್ಗೆ ನಿದ್ದೆಗೆಟ್ಟ ಕಣ್ಣಲ್ಲೇ ಆಫೀಸಿಗೆ ಹೋಗುತ್ತೀಯ. ತಿಂಗಳಿಗೆ ಒಂದು ಸಲ ಬಾ. ಬರುವ ವಾರ ಯಾವುದು ಅಂತ ಮೊದಲೇ ಹೇಳು, ಅಮ್ಮನಿಗೂ ದಿನ ಎಣಿಸಲು ಒಂದು ಲೆಕ್ಕ ಸಿಗುತ್ತದೆ. ಆದರೆ ನಿದ್ದೆಯೇ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂತ ಎರಡು ವಾರ ಮೀರಿ ಹೋದರೆ ತಿಂಗಳು ಲೆಕ್ಕ ಹಾಕುತ್ತಾ ಕೂರಬೇಡ, ನನಗೆ ಹೇಳು. ನಾನೇ ಹೊರಟು ಬರುತ್ತೇನೆ.

## ಮೊದಲ ಸಂಬಳ

30 ಸಾವಿರ ಅಂದಿದ್ರು, ಈಗ ಕೈಗೆ 25 ಅಂತಿದ್ದಾರೆ. ಉಳಿದ 5 ಸಾವಿರ ಎಲ್ಲಿ ಹೋಯ್ತು?

ಅವರು ಹೇಳಿದ 30,000 ಸಿಟಿಸಿ. ಅಂದರೆ ನಿನ್ನನ್ನು ಇಟ್ಟುಕೊಳ್ಳಲು ಕಂಪನಿಗೆ ತಿಂಗಳಿಗೆ ಆಗುವ ಒಟ್ಟು ಖರ್ಚು. ವರ್ಷಕ್ಕೆ 3,60,000 ಅಂತ ಆಫರ್ ಲೆಟರ್‌ನಲ್ಲಿ ಬರೆದಿದ್ದೂ ಅದೇ. ಅದರಲ್ಲಿ ಒಂದಿಷ್ಟು ನಿನ್ನ ಹೆಸರಿನಲ್ಲೇ ಬೇರೆ ಕಡೆ ಹೋಗುತ್ತದೆ, ತಿಂಗಳ ಕೊನೆಗೆ ಕೈಗೆ ಬರಲ್ಲ.

ನಿನ್ನ ಕಾಗದದ ಎರಡನೇ ಪುಟ ತೆಗೆದು ನೋಡು. ಕಂಪನಿ ತನ್ನ ಕಡೆಯಿಂದ ಪಿಎಫ್‌ಗೆ ಕಟ್ಟುವುದು 1,800. ಗ್ರಾಚ್ಯುಟಿ ಅಂತ ಎತ್ತಿಡುವುದು 721. ಆಸ್ಪತ್ರೆ ಇನ್ಶೂರೆನ್ಸಿಗೆ 479. ಮೂರೂ ಸೇರಿ 3,000. ಇದನ್ನು ಕಳೆದರೆ 27,000, ಅದೇ ಗ್ರಾಸ್. ಬೇಸಿಕ್ 15,000, ಎಚ್‌ಆರ್‌ಎ 6,000, ಸ್ಪೆಷಲ್ ಅಲೋವೆನ್ಸ್ 6,000. ಇದರಲ್ಲಿ ನಿನ್ನ ಪಾಲಿನ ಪಿಎಫ್ ಹಿಡಿಯುತ್ತಾರೆ. ಬೇಸಿಕ್‌ನ ಶೇಕಡ 12, ಅಂದರೆ 1,800. ಆಮೇಲೆ ವೃತ್ತಿ ತೆರಿಗೆ 200. ಉಳಿಯುವುದು 25,000.

ಹಾಗಾದರೆ ಹೋದದ್ದು ಎಷ್ಟು? ಎರಡು ಪಾಲಿನ ಪಿಎಫ್ ಸೇರಿ 3,600 ನಿನ್ನ ಹೆಸರಿಗೇ ಸೇರುತ್ತಿದೆ. ಇನ್ಶೂರೆನ್ಸ್ ಆಸ್ಪತ್ರೆಗೆ ಸೇರಿದ ದಿನ ಕೆಲಸಕ್ಕೆ ಬರುತ್ತದೆ, ಆ ಕಾರ್ಡಿನ ಫೋಟೋ ನನಗೂ ಒಂದು ಕಳಿಸಿರು. ಗ್ರಾಚ್ಯುಟಿ ಮಾತ್ರ ನಿನ್ನಂತೆ ಕಾಯಂ ಕೆಲಸಕ್ಕೆ ಸೇರಿದವರಿಗೆ ಐದು ವರ್ಷ ಅಲ್ಲೇ ಇದ್ದರೆ ಸಿಗುವ ದುಡ್ಡು. ಅದನ್ನು ಈಗ ಲೆಕ್ಕಕ್ಕೇ ಹಿಡಿಯಬೇಡ. ಆದಾಯ ತೆರಿಗೆ ನಿನಗೆ ಬರುವುದಿಲ್ಲ, ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದ ಆದಾಯದವರೆಗೆ ಕಟ್ಟುವಂತಿಲ್ಲ.

ಇದನ್ನು ಸೇರುವ ಮೊದಲೇ ನಾನು ಕೂರಿಸಿಕೊಂಡು ಹೇಳಬೇಕಿತ್ತು. ಅವತ್ತು ಎಲ್ಲರೂ ಖುಷಿಯಲ್ಲಿದ್ದೆವು, ಹೇಳಲಿಲ್ಲ. ಆ ತಪ್ಪು ನನ್ನದು.

ಅಕ್ಕ, 25 ಕೂಡ ಬಂದಿಲ್ಲ. ಅಕೌಂಟಿಗೆ 17,640 ಬಂದಿದೆ. ಮೋಸ ಆಯ್ತಾ?

ಈ ಮೆಸೇಜು ಬಂದಾಗ ರಾತ್ರಿ 11.20. ನೀನು ಬೆಳಗಿನವರೆಗೂ ನಿದ್ದೆ ಮಾಡಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಮೋಸ ಏನೂ ಆಗಿಲ್ಲ. ಒಂದು ಹಾಳೆ ತಗೊಂಡು ನನ್ನ ಜೊತೆ ಬರಿ.

ಜೂನ್‌ಗೆ 30 ದಿನ. ನೀನು 10ಕ್ಕೆ ಸೇರಿದೆ. 10ನೇ ತಾರೀಖನ್ನೂ ಸೇರಿಸಿ 30ರವರೆಗೆ ಎಣಿಸಿದರೆ 21 ದಿನ. ನಡುವಿನ ಭಾನುವಾರಗಳೂ ಇದರಲ್ಲಿ ಸೇರುತ್ತವೆ. ಗ್ರಾಸ್ 27,000ವನ್ನು 30ರಿಂದ ಭಾಗಿಸಿದರೆ ದಿನಕ್ಕೆ 900. ಅದನ್ನು 21ರಿಂದ ಗುಣಿಸಿದರೆ 18,900. ಬೇಸಿಕ್ ಕೂಡ ಹೀಗೇ ಇಳಿಯುತ್ತದೆ, 15,000 ಹೋಗಿ 10,500 ಆಗುತ್ತದೆ. ಅದರ ಶೇಕಡ 12 ಅಂದರೆ 1,260 ಪಿಎಫ್. ವೃತ್ತಿ ತೆರಿಗೆ ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದರೆ ಮಾತ್ರ, ಈ ತಿಂಗಳು ನಿನ್ನದು ಮುಟ್ಟಿಲ್ಲ, ಹಾಗಾಗಿ ಹಿಡಿದಿಲ್ಲ. 18,900ರಲ್ಲಿ 1,260 ಕಳೆ. 17,640. ಪೈಸೆಗೆ ಪೈಸೆ ಸರಿಯಾಗಿದೆ.

ಇನ್ನು ಮುಂದೆ ಪ್ರತಿ ತಿಂಗಳು ಸಂಬಳದ ಸ್ಲಿಪ್ ಇಳಿಸಿಕೊಂಡು ಮೊದಲು ನೋಡಬೇಕಾದ್ದು ಕೊನೆಯ ಸಾಲನ್ನಲ್ಲ. ಮೇಲೆ ಮೂಲೆಯಲ್ಲಿ ಎಷ್ಟು ದಿನಕ್ಕೆ ಸಂಬಳ ಅಂತ ಒಂದು ಅಂಕಿ ಇರುತ್ತದೆ, ಅದನ್ನು ನೋಡು. ನಾನು ಕಂಡ ಸಂಬಳದ ತಕರಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹುಟ್ಟುವುದು ಅಲ್ಲೇ. ಒಂದು ದಿನ ಕಾರ್ಡ್ ಪಂಚ್ ಮಾಡಲು ಮರೆತಿರುತ್ತೀಯ, ಅದು ಗೈರು ಅಂತ ಕೂತಿರುತ್ತದೆ. ಲೆಕ್ಕ ಮುಚ್ಚುವ ಮೊದಲು ಹೇಳಿದರೆ ಎರಡು ನಿಮಿಷದ ಕೆಲಸ. ಮುಚ್ಚಿದ ಮೇಲಾದರೆ ಮುಂದಿನ ತಿಂಗಳ ಸಂಬಳದ ಜೊತೆಗೇ ಬರುವುದು. ಇನ್ನೊಂದು ಸಣ್ಣ ವಿಷಯ. ಫೆಬ್ರವರಿಯಲ್ಲಿ ವೃತ್ತಿ ತೆರಿಗೆ 300 ಹಿಡಿಯುತ್ತಾರೆ, ಆಗ 100 ರೂಪಾಯಿ ಕಮ್ಮಿ ಬಂತು ಅಂತ ಮತ್ತೆ ರಾತ್ರಿ ಎದ್ದು ಕೂರಬೇಡ.

ಮೊದಲ ಸಂಬಳ ಪೂರ್ತಿ ಅಪ್ಪನ ಕೈಗೆ ಕೊಡಬೇಕು ಅಂತಿದೀನಿ. ಸರಿ ಅಲ್ವಾ?

ನಿನ್ನ ಮನಸ್ಸು ದೊಡ್ಡದು. ಆದರೆ ಪೂರ್ತಿ ಕೊಟ್ಟರೆ ಹತ್ತನೇ ತಾರೀಖಿಗೆ ಪಿಜಿಯವರಿಗೆ ಕೊಡಲು ಅಪ್ಪನನ್ನೇ ಕೇಳಬೇಕಾಗುತ್ತದೆ, ಆಗ ಇಬ್ಬರಿಗೂ ಬೇಜಾರು. ಅಪ್ಪನಿಗೆ ದುಡ್ಡು ಯಾವಾಗ ಬೇಕು ಅಂತ ನೋಡು. ಆಲೂಗಡ್ಡೆ ಹಾಕಿದ್ದು ಮೇ ಕೊನೆಯಲ್ಲಿ, ಜಲಂಧರ್ ಬಿತ್ತನೆಗೆ ಇದ್ದ ದುಡ್ಡೆಲ್ಲ ಆಗಲೇ ಹೋಗಿತ್ತು. ಜುಲೈಯಲ್ಲಿ ಜಡಿಮಳೆ ಹಿಡಿದು ಮೋಡ ಕವಿದರೆ ಅಂಗಮಾರಿ ಬರುತ್ತದೆ, ಆಗ ಔಷಧಿ ಹೊಡೆಯುವುದು ಎರಡು ದಿನ ತಡವಾದರೂ ಎಲೆ ಸುಟ್ಟ ಹಾಗಾಗುತ್ತದೆ. ನೀನು ಮೊದಲ ಸಂಬಳದಲ್ಲಿ 2,000 ಕಳಿಸಿದ್ದು ಸರಿಯಾಗಿ ಆ ವಾರವೇ ಬಂತು. ಅಪ್ಪ ಅವತ್ತೇ ಹಾಸನಕ್ಕೆ ಹೋಗಿ ಔಷಧಿ ತಂದರು. ನಿನಗೆ ಅವರು ಹೇಳಿರಲಿಕ್ಕಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ.

ಈಗ ಪೂರ್ತಿ 25,000 ಬರುವ ತಿಂಗಳುಗಳಿಗೆ ನನ್ನ ಲೆಕ್ಕ ಹೀಗೆ. ಪಿಜಿಗೆ 8,500. ಬಸ್ಸು, ಮಧ್ಯಾಹ್ನದ ಊಟ, ಫೋನು ಸೇರಿ 4,500. ಮನೆಗೆ 5,000, ಅದು ಮೊದಲು ಅಮ್ಮನ ಸಂಘದ ಕಂತಿಗೆ ಹೋಗಲಿ. ಬ್ಯಾಂಕಿನಲ್ಲಿ ಆರ್‌ಡಿ 3,000, ಸಂಬಳ ಬಂದ ಮರುದಿನವೇ ಕಟ್ಟಾಗುವ ಹಾಗೆ. ಉಳಿದ 4,000 ನಿನ್ನದು, ಅದಕ್ಕೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಆ 4,000 ನಿನ್ನ ಕೈಯಲ್ಲಿ ಇಲ್ಲದಿದ್ದರೆ ಗೆಳೆಯರು ಟೀಗೆ ಕರೆದಾಗಲೂ ನೆಪ ಹೇಳಿ ಒಬ್ಬನೇ ರೂಮಿಗೆ ಹೋಗುತ್ತೀಯ. ಹೊಸ ಊರಿನಲ್ಲಿ ಹಾಗೆ ಇರಬಾರದು.

## ಕೆಲಸದೊಳಗೆ

ಎಲ್ರೂ ಪಟಪಟ ಇಂಗ್ಲಿಷಲ್ಲಿ ಮಾತಾಡ್ತಾರೆ. ನಾನು ಕನ್ನಡ ಮೀಡಿಯಂ, ಬಾಯೇ ಬರಲ್ಲ. ಏನ್ ಮಾಡ್ಲಿ?

ನೀನು ಫೋನಿನಲ್ಲಿ ಹೇಳಿದ್ದನ್ನು ಗಮನ ಇಟ್ಟು ಕೇಳಿದೆ. ನಿನಗೆ ಗೊತ್ತಾಗದೆ ಹೋಗಿದ್ದು ಇಂಗ್ಲಿಷ್ ವಾಕ್ಯ ಅಲ್ಲ. ಪಿಒ, ಡಿಸಿ, ಎಲ್‌ಆರ್, ಜಿಆರ್‌ಎನ್ ಅನ್ನುವ ಮಾತುಗಳು. ಇವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನಿಗೂ ಮೊದಲ ದಿನ ಗೊತ್ತಿರಲ್ಲ.

ಡಿಸ್ಪ್ಯಾಚಿನಲ್ಲಿ ಇರುವ ನೀನು ಒಂದು ಕೆಲಸ ಮಾಡು. ಒಂದೇ ಒಂದು ಲೋಡನ್ನು ಹಿಡಿದು ಮೊದಲಿಂದ ಕೊನೆಯವರೆಗೆ ಅದರ ಹಿಂದೆ ಹೋಗು. ಗಿರಾಕಿ ಇಂಥ ಮಾಲು ಇಷ್ಟು ಬೇಕು ಅಂತ ಕಳಿಸುವ ಕಾಗದ ಪಿಒ. ಅದನ್ನು ನೋಡಿ ಸ್ಟೋರ್ಸಿನವರು ಮಾಲು ತೆಗೆದಿಡುತ್ತಾರೆ, ನೀವು ಇನ್‌ವಾಯ್ಸ್ ಮಾಡುತ್ತೀರಿ. ಮಾರಾಟವಲ್ಲದೆ ಬರೀ ಕೆಲಸಕ್ಕೆ ಕಳಿಸುವ ಮಾಲಾದರೆ ಡಿಸಿ, ಅಂದರೆ ಡೆಲಿವರಿ ಚಲನ್. ಸರಕು 50,000 ರೂಪಾಯಿ ಮೀರಿದರೆ ಇ-ವೇ ಬಿಲ್. ಲಾರಿಯವನು ಮಾಲು ಹತ್ತಿಸಿಕೊಂಡು ಕೊಡುವ ರಸೀದಿ ಎಲ್‌ಆರ್. ಆ ಕಡೆ ಮಾಲು ಮುಟ್ಟಿ, ಎಣಿಸಿ, ಸರಿಯಿದೆ ಅಂತ ಅವರು ಮಾಡುವ ಕಾಗದ ಜಿಆರ್‌ಎನ್. ಅದು ಬಂದ ಮೇಲೆಯೇ ದುಡ್ಡು ಬರುವುದು. ಕಳಿಸಿದ್ದು 200, ಜಿಆರ್‌ಎನ್‌ನಲ್ಲಿ 196 ಅಂತ ಬಂದರೆ ಆ ನಾಲ್ಕು ಎಲ್ಲಿ ಅಂತ ಹುಡುಕುವುದೇ ನಿಮ್ಮ ಸೆಕ್ಷನ್ನಿನ ದೊಡ್ಡ ತಲೆನೋವು, ಅಲ್ವಾ?

ಆ ಐದಾರು ಕಾಗದದ ಜೆರಾಕ್ಸನ್ನು ಒಂದಕ್ಕೊಂದು ಪಿನ್ ಮಾಡಿ ಇಟ್ಟುಕೋ, ಯಾವುದರ ನಂಬರು ಯಾವುದರಲ್ಲಿ ಬರುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕು. ಕನ್ನಡದಲ್ಲೇ ಬರಿ. ಮೀಟಿಂಗಿನಲ್ಲಿ ಅವರು ಮಾತಾಡುವಾಗ ಯಾವ ಕಾಗದದ ವಿಷಯ ಅಂತ ನಿನಗೆ ಕಣ್ಣಿಗೆ ಕಟ್ಟುತ್ತದೆ. ಕಾಗದ ಗೊತ್ತಿದ್ದರೆ ಬಾಯಿ ತಾನಾಗಿ ಬರುತ್ತದೆ, ನನಗೆ ಬಂದಿದ್ದೂ ಹಾಗೇ. ಗೊತ್ತಿಲ್ಲದ್ದನ್ನು ಕೇಳುವುದಿದ್ದರೆ ಈಗಲೇ ಕೇಳು. ಮೂರನೇ ತಿಂಗಳಲ್ಲಿ ಎಲ್‌ಆರ್ ಅಂದರೇನು ಅಂತ ಕೇಳಿದರೆ ಕೂತು ಹೇಳಿಕೊಡುತ್ತಾರೆ. ವರ್ಷ ಕಳೆದ ಮೇಲೆ ಕೇಳಲು ನಿನಗೇ ಮುಜುಗರ ಆಗುತ್ತದೆ.

ಅಕ್ಕ, ದೊಡ್ಡ ತಪ್ಪು ಮಾಡ್ಬಿಟ್ಟೆ. ಹೇಳ್ಲಾ, ಸುಮ್ನೆ ಇರ್ಲಾ?

ಇದನ್ನು ನೀನು ಮೂರು ಸಲ ಬೇರೆ ಬೇರೆ ತಪ್ಪಿಗೆ ಕೇಳಿದ್ದೀಯ. ಆಗಸ್ಟಿನದ್ದನ್ನೇ ತಗೊಳ್ಳೋಣ. ಒಂದೇ ಗಿರಾಕಿಗೆ ಕೊಯಮತ್ತೂರು, ಹೊಸೂರು ಎರಡು ಕಡೆ ಜಾಗ ಇತ್ತು. ಮಾಲು ಹೊಸೂರಿಗೆ, ನೀನು ಇ-ವೇ ಬಿಲ್‌ನಲ್ಲಿ ಹಾಕಿದ್ದು ಕೊಯಮತ್ತೂರಿನ ವಿಳಾಸ. ಗೊತ್ತಾದಾಗ ಸಂಜೆ ಐದು. ಲಾರಿ ಇನ್ನೂ ಅಂಗಳದಲ್ಲೇ ಇತ್ತು, ಹೊರಡುವುದು ರಾತ್ರಿ ಒಂಬತ್ತಕ್ಕೆ. ನೀನು ಮೂರು ಗಂಟೆ ಹೊಟ್ಟೆಯಲ್ಲೇ ಇಟ್ಟುಕೊಂಡು ಎಂಟಕ್ಕೆ ಸೂಪರ್‌ವೈಸರಿಗೆ ಹೇಳಿದೆ.

ಇ-ವೇ ಬಿಲ್‌ನಲ್ಲಿ ಎರಡು ಭಾಗ. ಲಾರಿ ನಂಬರು ಇರುವ ಬಿ ಭಾಗವನ್ನು ಆಮೇಲೂ ಬದಲಿಸಬಹುದು. ಯಾರಿಗೆ, ಎಲ್ಲಿಗೆ, ಏನು ಅಂತ ಇರುವ ಎ ಭಾಗ ಒಮ್ಮೆ ಮಾಡಿದರೆ ತಿದ್ದಲು ಬರಲ್ಲ. ಅದನ್ನು ರದ್ದು ಮಾಡಿ ಹೊಸದು ಮಾಡಬೇಕು. ರದ್ದು ಮಾಡಲು ಇರುವುದು 24 ಗಂಟೆ, ಅದೂ ದಾರಿಯಲ್ಲಿ ಯಾರೂ ತಪಾಸಣೆ ಮಾಡಿರದಿದ್ದರೆ. ನೀನು ಎಂಟಕ್ಕೆ ಹೇಳಿದ್ದರಿಂದ ಇಪ್ಪತ್ತು ನಿಮಿಷದಲ್ಲಿ ಹೊಸ ಬಿಲ್ ಆಯಿತು, ಲಾರಿ ಹೊತ್ತಿಗೆ ಸರಿಯಾಗಿ ಹೋಯಿತು. ಬೆಳಿಗ್ಗೆ ಹೇಳಿದ್ದರೆ ಲಾರಿ ತಪ್ಪು ಕಾಗದದ ಜೊತೆ ರಸ್ತೆಯಲ್ಲಿರುತ್ತಿತ್ತು, ಹಿಡಿದರೆ ದಂಡ. ಅದೇ ತಪ್ಪು. ಹೇಳಿದ ಹೊತ್ತಿನ ಮೇಲೆ ಅದು ಇಪ್ಪತ್ತು ನಿಮಿಷದ ಕೆಲಸವೋ ಸಾವಿರಾರು ರೂಪಾಯಿಯ ನಷ್ಟವೋ ಆಗುತ್ತದೆ.

ಹೇಳುವಾಗ ಮೂರು ಮಾತು ಸಾಕು. ಏನಾಗಿದೆ, ಈಗ ಮಾಲು ಎಲ್ಲಿದೆ, ಏನು ಮಾಡಬಹುದು ಅಂತ ನಿನಗೆ ಅನಿಸುತ್ತದೆ. "ಸಾರ್, ಹೊಸೂರು ಲೋಡಿಗೆ ಕೊಯಮತ್ತೂರಿನ ವಿಳಾಸ ಹಾಕಿದ್ದೀನಿ. ಲಾರಿ ಇನ್ನೂ ಇಲ್ಲೇ ಇದೆ. ಬಿಲ್ ರದ್ದು ಮಾಡಿ ಹೊಸದು ಮಾಡಲಾ?" ಯಾಕೆ ಹೀಗಾಯಿತು ಅನ್ನುವ ಕಥೆ ಆಮೇಲೆ, ಅವರು ಕೇಳಿದರೆ. ಬೈದರು ಅಂದೆ. ಬೈದು, ಆಮೇಲೆ ಟೀ ಕುಡಿಯಲು ಕರೆದುಕೊಂಡು ಹೋದರು ಅಂತಲೂ ಹೇಳಿದೆ. ಅಂಥವರ ಕೈಕೆಳಗೆ ಕೆಲಸ ಕಲಿಯುವುದು ಅದೃಷ್ಟ.

ನಾನು ಮೊದಲ ವರ್ಷ ಒಬ್ಬ ಕೆಲಸಗಾರನ ಸಂಬಳವನ್ನು ಅದೇ ಹೆಸರಿನ ಇನ್ನೊಬ್ಬನ ಅಕೌಂಟಿಗೆ ಹಾಕಿಬಿಟ್ಟಿದ್ದೆ. ಎರಡು ದಿನ ಹೇಳಲಿಲ್ಲ. ಅಷ್ಟರಲ್ಲಿ ಅವನು ಆ ದುಡ್ಡು ಖರ್ಚು ಮಾಡಿದ್ದ. ನಾಲ್ಕು ಕಂತಿನಲ್ಲಿ ಅವನಿಂದ ವಾಪಸ್ ಬಂತು. ಅಲ್ಲಿಯವರೆಗೆ ಸಂಬಳ ಸಿಗಬೇಕಾದವನು ದಿನಾ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದ, ಏನೂ ಮಾತಾಡುತ್ತಿರಲಿಲ್ಲ. ಅವನ ಮುಖ ನನಗೆ ಇನ್ನೂ ನೆನಪಿದೆ.

ಹಾಸನಾಂಬೆ ಬಾಗಿಲು ತೆಗೆದಾಗ ಬರಬೇಕು. ಪ್ರೊಬೇಷನ್ನಲ್ಲಿ ರಜೆ ಕೇಳಿದ್ರೆ ತಪ್ಪು ತಿಳ್ಕೊಳ್ತಾರಾ?

ಕೇಳುವುದರಲ್ಲಿ ತಪ್ಪಿಲ್ಲ, ಹೇಳದೆ ಬರುವುದು ತಪ್ಪು. ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆಗೆದರೆ ದೀಪಾವಳಿ ಮುಗಿದ ಮೇಲೆಯೇ ಮುಚ್ಚುವುದು. ಹಾಗಾಗಿ ಮೊದಲ ದಿನವೇ ಬರಬೇಕು ಅಂತಿಲ್ಲ. ನಿಮ್ಮಲ್ಲಿ ತಿಂಗಳ ಕೊನೆಗೆ ಲೋಡ್ ಜಾಸ್ತಿ ಅಂದೆಯಲ್ಲ, ಆ ದಿನಗಳನ್ನು ಬಿಟ್ಟು ಕೇಳು. ಹದಿನೈದು ದಿನ ಮೊದಲೇ ಬರೆದು ಕೇಳು, ನಿನ್ನ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಅವರನ್ನು ಒಪ್ಪಿಸಿ ಅದರಲ್ಲೇ ಬರಿ. ಪ್ರೊಬೇಷನ್ನಲ್ಲಿ ಸಂಬಳದ ರಜೆ ಇಲ್ಲ ಅಂದರೆ ಲಾಸ್ ಆಫ್ ಪೇ ಆಗುತ್ತದೆ. ಅಕ್ಟೋಬರ್‌ಗೆ 31 ದಿನ, ಗ್ರಾಸ್‌ನಲ್ಲಿ ದಿನಕ್ಕೆ 871 ರೂಪಾಯಿ ಹತ್ತಿರ ಹೋಗುತ್ತದೆ. ಒಂದು ದಿನಕ್ಕೆ ಪರವಾಗಿಲ್ಲ ಬಾ. ಅಮ್ಮ ಆಗಲೇ ಕಡುಬಿಗೆ ಅಕ್ಕಿತರಿ ಮಾಡಿಸಿಟ್ಟಿದ್ದಾರೆ.

## ಸ್ವಲ್ಪ ಮುಂದಿನ ಲೆಕ್ಕ

ಪಿಎಫ್ ಪಾಸ್‌ಬುಕ್ ನೋಡಿದೆ. ನನ್ನದು 1,260, ಕಂಪನಿದು ಬರೀ 385. ಅವರೂ ಅಷ್ಟೇ ಕಟ್ಟಬೇಕಲ್ವಾ?

ಪಾಸ್‌ಬುಕ್ ತೆಗೆದು ನೋಡಿದ್ದಕ್ಕೇ ನನಗೆ ಖುಷಿ. ನಮ್ಮಲ್ಲಿ ಹತ್ತು ವರ್ಷ ಕೆಲಸ ಮಾಡಿದವರೂ ನೋಡಿರಲ್ಲ.

ಅವರೂ ಅಷ್ಟೇ ಕಟ್ಟಿದ್ದಾರೆ. ಪಕ್ಕದಲ್ಲಿ ಪೆನ್ಷನ್ ಅಂತ ಇನ್ನೊಂದು ಕಾಲಂ ಇದೆ ನೋಡು, ಅಲ್ಲಿ 875 ಇರಬೇಕು. 385 ಮತ್ತೆ 875 ಕೂಡಿಸಿದರೆ 1,260. ಕಂಪನಿಯ ಶೇಕಡ 12ರಲ್ಲಿ 8.33 ಭಾಗ ಪೆನ್ಷನ್ ಯೋಜನೆಗೆ ಹೋಗುತ್ತದೆ, ಉಳಿದದ್ದು ಪಿಎಫ್‌ಗೆ. ಪೂರ್ತಿ ತಿಂಗಳಿಗೆ ನಿನ್ನದು 1,800, ಕಂಪನಿಯದು 550 ಮತ್ತು 1,250 ಅಂತ ಕಾಣಬೇಕು. ಬಡ್ಡಿ ಸಿಗುವುದು ಪಿಎಫ್‌ನ ಎರಡು ಕಾಲಂಗೆ ಮಾತ್ರ, 2024-25ಕ್ಕೆ ಅದು ಶೇಕಡ 8.25 ಇತ್ತು. ಪೆನ್ಷನ್ ಕಾಲಂನಲ್ಲಿ ಬಡ್ಡಿ ಬೆಳೆಯಲ್ಲ, ಹತ್ತು ವರ್ಷ ಸರ್ವೀಸ್ ಆದರೆ ವಯಸ್ಸಾದಾಗ ತಿಂಗಳ ಪೆನ್ಷನ್ ಸಿಗುತ್ತದೆ.

ನೋಡುತ್ತಿರಬೇಕಾದ್ದು ಇಷ್ಟೇ. ಒಂದು ತಿಂಗಳದ್ದನ್ನು ಕಂಪನಿ ಮುಂದಿನ ತಿಂಗಳು 15ರೊಳಗೆ ಕಟ್ಟಬೇಕು. ಪಾಸ್‌ಬುಕ್ಕಿನಲ್ಲಿ ಕಾಣಲು ಇನ್ನೂ ಕೆಲವು ದಿನ ಹಿಡಿಯಬಹುದು. ಆದರೆ ಸ್ಲಿಪ್ಪಿನಲ್ಲಿ ಹಿಡಿದಿದ್ದಾರೆ, ಎರಡು ತಿಂಗಳಾದರೂ ಪಾಸ್‌ಬುಕ್ಕಿನಲ್ಲಿ ಇಲ್ಲ ಅಂದರೆ ಬಾಯಲ್ಲಿ ಕೇಳಬೇಡ, ಮೇಲ್ ಹಾಕು. ಇನ್ನೊಂದು ಬಾಕಿ ಇದೆ. ನಾಮಿನೇಷನ್ ಮಾಡಿಲ್ಲ ನೀನು. ಅಮ್ಮನ ಹೆಸರು, ಆಧಾರ್‌ನಲ್ಲಿ ಇರುವ ಹಾಗೇ ಅಕ್ಷರಕ್ಕೆ ಅಕ್ಷರ ಹಾಕು. ನಿನ್ನ ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ ಇದೆ, ಮಾರ್ಕ್ಸ್ ಕಾರ್ಡಿನಲ್ಲಿ ಮುಂದೆ ಇದೆ. ಪಿಎಫ್‌ನಲ್ಲಿ ಯಾವ ಥರ ಬಂದಿದೆ ಅಂತ ನೋಡು. ಆಧಾರ್ ಥರ ಇಲ್ಲದಿದ್ದರೆ ಈಗಲೇ ಸರಿ ಮಾಡಿಸು. ದುಡ್ಡು ತೆಗೆಯುವ ಕಾಲಕ್ಕೆ ಈ ಒಂದು ಅಕ್ಷರಕ್ಕಾಗಿ ಕಚೇರಿ ಅಲೆದವರನ್ನು ಬಹಳ ಜನ ನೋಡಿದ್ದೇನೆ.

ಇನ್ನೊಂದು ಕಂಪನಿಯವರು 35 ಕೊಡ್ತೀವಿ ಅಂತಿದ್ದಾರೆ. 5 ಸಾವಿರ ಜಾಸ್ತಿ. ಬಿಟ್ಟು ಹೋಗ್ಲಾ?

ಮೊದಲು 35ನ್ನು ಬಿಡಿಸೋಣ. ನೀನು ಕಳಿಸಿದ ಫೋಟೋದಲ್ಲಿ ವೇರಿಯಬಲ್ ಪೇ ಅಂತ ತಿಂಗಳಿಗೆ 3,000 ಇದೆ. ಅದು ವರ್ಷದ ಕೊನೆಗೆ, ಕಂಪನಿಗೆ ಲಾಭ ಬಂದರೆ, ನಿನ್ನ ಕೆಲಸ ಅವರಿಗೆ ಹಿಡಿಸಿದರೆ ಕೊಡುವುದು. ಅದನ್ನು ತೆಗೆ, 32,000. ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್ ಇಲ್ಲೂ ಅದೇ 3,000. ಗ್ರಾಸ್ 29,000. ನಿನ್ನ ಪಿಎಫ್ 1,800, ವೃತ್ತಿ ತೆರಿಗೆ 200. ಕೈಗೆ 27,000. ಜಾಸ್ತಿ ಬಂದಿದ್ದು 5,000 ಅಲ್ಲ, 2,000. ಈಗಿನ ಪಿಜಿಯಿಂದ ಅಲ್ಲಿಗೆ ಎರಡು ಬಸ್ಸು, ಇಲ್ಲವೇ ಪಿಜಿ ಬದಲಿಸಬೇಕು. ಬದಲಿಸಿದರೆ ಮತ್ತೆ ಅಡ್ವಾನ್ಸು.

ಈಗ ನಿನ್ನ ಕೈಯಲ್ಲಿ ಇರುವ ಅಪಾಯಿಂಟ್‌ಮೆಂಟ್ ಲೆಟರ್ ತೆಗೆ. ಪ್ರೊಬೇಷನ್ ಆರು ತಿಂಗಳು, ಅಲ್ಲಿಯವರೆಗೆ ಹದಿನೈದು ದಿನದ ನೋಟಿಸ್, ಆಮೇಲೆ ಅರವತ್ತು ದಿನ ಅಂತ ಇದೆ. ಬಿಡುವುದಾದರೂ ಆ ಹದಿನೈದು ದಿನ ಪೂರ್ತಿ ಕೆಲಸ ಮಾಡಿ, ರಿಲೀವಿಂಗ್ ಲೆಟರ್ ಕೈಗೆ ತಗೊಂಡೇ ಹೊರಡಬೇಕು. ಹೇಳದೆ ನಿಂತುಬಿಟ್ಟು ಹೊಸ ಕಡೆ ಸೇರಿದರೆ ಅದು ಮುಚ್ಚಿಡಲು ಬರಲ್ಲ. ಯುಎಎನ್ ಅಂತ 12 ಅಂಕಿಯ ನಂಬರು ಒಬ್ಬರಿಗೆ ಒಂದೇ, ಎಲ್ಲಿ ಯಾವ ತಾರೀಖಿಗೆ ಸೇರಿದೆ, ಯಾವ ತಾರೀಖಿಗೆ ಬಿಟ್ಟೆ ಅನ್ನುವುದೆಲ್ಲ ಅದರಲ್ಲಿ ಕಾಣುತ್ತದೆ. ಹೊಸ ಕಡೆಗೂ ಅದೇ ನಂಬರು ಕೊಡಬೇಕು, ಹಳೆಯ ಪಿಎಫ್ ಅಲ್ಲಿಗೆ ವರ್ಗ ಮಾಡಿಸಬೇಕು. ಬಿಡಿಸಿಕೊಂಡು ಖರ್ಚು ಮಾಡಬಾರದು, ಮಾಡಿದರೆ ಪೆನ್ಷನ್ನಿನ ಹತ್ತು ವರ್ಷದ ಎಣಿಕೆ ಮತ್ತೆ ಮೊದಲಿಂದ ಶುರುವಾಗಬಹುದು.

ನನ್ನನ್ನು ಕೇಳಿದರೆ ಈಗ ಬೇಡ. ಈ ಕಂಪನಿ ಸಂಬಳವನ್ನು ಒಂದು ದಿನವೂ ತಡ ಮಾಡಿಲ್ಲ, ಪಿಎಫ್ ತಪ್ಪದೆ ಕಟ್ಟುತ್ತಿದೆ, ತಪ್ಪು ಮಾಡಿದ ದಿನ ಟೀ ಕುಡಿಸುವ ಸೂಪರ್‌ವೈಸರ್ ಇದ್ದಾರೆ. ನೀನು ಇನ್ನೂ ಜಿಆರ್‌ಎನ್ ಲೆಕ್ಕ ಹೊಂದಿಸುವುದನ್ನು ಒಬ್ಬನೇ ಮಾಡಿಲ್ಲ. ಅದು ಬಂದರೆ ಮುಂದಿನ ವರ್ಷ ನೀನೇ 35 ಗ್ರಾಸ್ ಕೇಳಬಹುದು. ಸಂಬಳ ಎರಡು ತಿಂಗಳು ತಡವಾಗಿದ್ದರೆ, ಪಿಎಫ್ ಹಿಡಿದು ಕಟ್ಟದೆ ಇದ್ದಿದ್ದರೆ, 500 ರೂಪಾಯಿ ಕಮ್ಮಿಗಾದರೂ ಬೇರೆ ಕಡೆ ಹೋಗು ಅಂತ ನಾನೇ ಹೇಳುತ್ತಿದ್ದೆ.

ಆದರೂ ಕೆಲಸಕ್ಕೆ ಹೋಗುವವನು ನೀನು. ಆ ಆಫರ್ ಲೆಟರ್‌ನ ಮೂರನೇ ಪುಟ ಫೋಟೋದಲ್ಲಿ ಮಸುಕಾಗಿದೆ, ಬಾಂಡ್ ಅಂತ ಏನೋ ಕಾಣುತ್ತಿದೆ. ಬೆಳಕಿನಲ್ಲಿ ಇನ್ನೊಂದು ಸಲ ತೆಗೆದು ಕಳಿಸು. ಭಾನುವಾರ ಊಟ ಆದಮೇಲೆ ಫೋನ್ ಮಾಡು, ಇಬ್ಬರೂ ಸಾಲು ಸಾಲಾಗಿ ಓದೋಣ.

ನಿನ್ನ ಅಕ್ಕ